ಸಮರ್ಥನೆಯ ಅಂಕಣದಲ್ಲಿ ಏನು ಬರೆಯಬೇಕು? ಕಾಲೇಜು ಕಾರ್ಯಾಗಾರವೊಂದರ ಖರ್ಚಿನ ಪಟ್ಟಿ

ಪ್ರಶ್ನೆ: ನಾನು ತುಮಕೂರಿನ ಪದವಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ, ವಿಜ್ಞಾನ ಸಂಘದ ಕಾರ್ಯದರ್ಶಿ. ಊರಿನ ಕೊಳವೆ ಬಾವಿಯ ನೀರನ್ನು ವಿದ್ಯಾರ್ಥಿಗಳೇ ಪರೀಕ್ಷಿಸುವ ಒಂದು ದಿನದ ಕಾರ್ಯಾಗಾರಕ್ಕೆ ₹45,000 ಕೇಳಿ ಪ್ರಸ್ತಾವನೆ ಕೊಟ್ಟಿದ್ದೆವು: ಊಟ–ತಿಂಡಿ 15,000, ಸಂಪನ್ಮೂಲ ವ್ಯಕ್ತಿಗಳು 10,000, ಪರೀಕ್ಷಾ ಕಿಟ್‌ಗಳು 12,000, ಇತರೆ 8,000. ಸಮರ್ಥನೆಯ ಅಂಕಣದಲ್ಲಿ ‘ಕಾರ್ಯಕ್ರಮಕ್ಕೆ ಅತ್ಯಗತ್ಯ’ ಎಂದು ಬರೆದಿದ್ದೆವು. ‘ಬಾಬ್ತು, ದರ, ಪ್ರಮಾಣ ಮತ್ತು ಸಮರ್ಥನೆ ಸಹಿತ ಪುನಃ ಸಲ್ಲಿಸಿ’ ಎಂಬ ಷರಾದೊಂದಿಗೆ ಅದು ವಾಪಸಾಗಿದೆ. ಹೇಗೆ ಬರೆಯಬೇಕು ಸರ್? ‘ಇತರೆ’ ಎಂದು ಒಂದು ಸಾಲು ಇಟ್ಟುಕೊಳ್ಳಬಹುದೇ?

ಉತ್ತರ: ‘ಅತ್ಯಗತ್ಯ’ ಎನ್ನುವ ಪದ ಊಟ ಬೇಕು ಎಂಬುದನ್ನಷ್ಟೇ ಹೇಳುತ್ತದೆ, ಅದರಲ್ಲಿ ಯಾರಿಗೂ ಸಂದೇಹವಿಲ್ಲ. ಕಚೇರಿಯವರಿಗೆ ಬೇಕಾಗಿರುವುದು 15,000 ಎಂಬ ಅಂಕಿ ಎಲ್ಲಿಂದ ಬಂತು ಎಂಬ ಉತ್ತರ. ಆದ್ದರಿಂದ ಸಮರ್ಥನೆಯ ಅಂಕಣವನ್ನು ವಸ್ತುವಿನ ಪರವಾಗಿ ವಾದಿಸುವ ಜಾಗವೆಂದು ತಿಳಿಯದೆ, ಪಕ್ಕದ ಎರಡು ಅಂಕಣಗಳಲ್ಲಿರುವ ದರಕ್ಕೂ ಪ್ರಮಾಣಕ್ಕೂ ಹುಟ್ಟು ಹೇಳುವ ಜಾಗವೆಂದು ತಿಳಿಯಿರಿ. ದರದ ಹುಟ್ಟು ಸಾಮಾನ್ಯವಾಗಿ ಒಂದು ಕೊಟೇಷನ್ನಿನಲ್ಲಿರುತ್ತದೆ, ಪ್ರಮಾಣದ ಹುಟ್ಟು ಒಂದು ಎಣಿಕೆಯಲ್ಲಿರುತ್ತದೆ. ಈ ಎರಡನ್ನು ಒಂದೊಂದು ವಾಕ್ಯದಲ್ಲಿ ಹೇಳಿಬಿಟ್ಟರೆ, ಹೆಚ್ಚಿನ ಬಾಬ್ತುಗಳಿಗೆ ಬೇರೆ ಸಮರ್ಥನೆಯೇ ಬೇಕಾಗುವುದಿಲ್ಲ.

ಹಲವು ವರ್ಷ ಕಾಲೇಜಿನ ಹಣಕಾಸು ಸಮಿತಿಯಲ್ಲಿ ಕುಳಿತು ಇಂತಹ ಕಡತಗಳನ್ನು ಓದಿದವನಾಗಿ ಹೇಳುತ್ತೇನೆ: ಓದುವವರು ಮೊದಲು ನೋಡುವುದು ಒಟ್ಟು ಮೊತ್ತವನ್ನಲ್ಲ. ಕೈಯಲ್ಲಿ ಪೆನ್ಸಿಲ್ ಹಿಡಿದು ಪ್ರಮಾಣದ ಅಂಕಣದ ಮೇಲೆ ಮೇಲಿನಿಂದ ಕೆಳಕ್ಕೆ ಒಮ್ಮೆ ಕಣ್ಣಾಡಿಸುತ್ತಾರೆ. ಊಟ 100, ಚಹಾ 150, ಪ್ರಮಾಣಪತ್ರ 200 ಎಂದಿದ್ದರೆ, ಅಷ್ಟಕ್ಕೂ ಈ ಕಾರ್ಯಕ್ರಮಕ್ಕೆ ಬರುವವರು ಎಷ್ಟು ಜನ ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ. ನಾನು ನೋಡಿದ ಒಂದು ಪಟ್ಟಿಯಲ್ಲಿ 60 ಅಭ್ಯರ್ಥಿಗಳಿಗೆ 200 ಪ್ರಮಾಣಪತ್ರಗಳಿದ್ದವು. ಕೇಳಿದಾಗ, ಹಿಂದಿನ ವರ್ಷದ ಬೇರೊಂದು ಕಾರ್ಯಕ್ರಮದ ಪಟ್ಟಿಯನ್ನು ಹಾಗೆಯೇ ನಕಲು ಮಾಡಿದ್ದು ತಿಳಿಯಿತು. ವಿದ್ಯಾರ್ಥಿಗಳಲ್ಲಿ ದುರುದ್ದೇಶವೇನೂ ಇರಲಿಲ್ಲ, ಆದರೆ ಆ ಒಂದು ಸಾಲಿನಿಂದಾಗಿ ಸಮಿತಿಯವರು ಉಳಿದ ಸಾಲುಗಳನ್ನೂ ನಂಬದಾದರು.

ಹಾಗಾಗಿ ಪಟ್ಟಿಗೆ ಕೈಹಾಕುವ ಮೊದಲು ತಲೆ ಎಣಿಕೆ ಮಾಡಿ, ಅದನ್ನು ಪಟ್ಟಿಯ ಮೇಲ್ಭಾಗದಲ್ಲಿಯೇ ಬರೆಯಿರಿ. ನಿಮ್ಮ ಕಾರ್ಯಾಗಾರವನ್ನೇ ಉದಾಹರಣೆಯಾಗಿ ತೆಗೆದುಕೊಂಡು ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ. ನಿಮ್ಮ ನಿಜವಾದ ಅಂಕಿಗಳನ್ನು ಅಲ್ಲಿ ತುಂಬಿಕೊಳ್ಳಿ. ಅಭ್ಯರ್ಥಿಗಳು 60 (ನಿಮ್ಮ ಕಾಲೇಜಿನವರು 40, ನೆರೆಯ ನಾಲ್ಕು ಕಾಲೇಜುಗಳಿಂದ ಐವರಂತೆ 20), ಸ್ವಯಂಸೇವಕರು 8, ಹೊರಗಿನ ವಿದ್ಯಾರ್ಥಿಗಳೊಂದಿಗೆ ಬರುವ ಅಧ್ಯಾಪಕರು 4, ನಿಮ್ಮ ವಿಭಾಗದ ಅಧ್ಯಾಪಕರು 4, ಪ್ರಯೋಗಾಲಯ ಸಹಾಯಕರು 1, ಸಂಪನ್ಮೂಲ ವ್ಯಕ್ತಿಗಳು 2, ಪ್ರಾಂಶುಪಾಲರು 1. ಒಟ್ಟು 80. ಇನ್ನು ಮುಂದೆ ಪಟ್ಟಿಯಲ್ಲಿ ಬರುವ ಪ್ರತಿಯೊಂದು ಪ್ರಮಾಣವೂ ಈ ಎಣಿಕೆಯ ಯಾವುದೋ ಒಂದು ಭಾಗದಿಂದ ಹುಟ್ಟಬೇಕು. ಊಟ 80 ಜನರಿಗೆ. ಚಹಾ ಎರಡು ಬಾರಿ ಇರುವುದರಿಂದ 160. ಪ್ರಮಾಣಪತ್ರ ಅಭ್ಯರ್ಥಿಗಳು, ಸ್ವಯಂಸೇವಕರು ಮತ್ತು ಸಂಪನ್ಮೂಲ ವ್ಯಕ್ತಿಗಳಿಗೆ, ಅಂದರೆ 70. ಓದುವವರು ಪೆನ್ಸಿಲ್ ಹಿಡಿದು ಕೂಡಿಸಿದರೂ ಅದೇ ಅಂಕಿ ಬರುತ್ತದೆ.

ಹೆಸರು ಕೊಟ್ಟವರೆಲ್ಲ ಬರುವುದಿಲ್ಲವೆಂಬ ಅನುಭವ ಎಲ್ಲ ಸಂಘಗಳಿಗೂ ಇದೆ. ಹಾಗೆಂದು ಊಟದ ಸಂಖ್ಯೆಯನ್ನು ಪಟ್ಟಿಯಲ್ಲಿಯೇ ಕಡಿಮೆ ಮಾಡಬೇಡಿ. ಮಂಜೂರಾತಿಯನ್ನು ಪೂರ್ಣ ಸಂಖ್ಯೆಗೆ ಪಡೆದು, ಅಡುಗೆಯವರಿಗೆ ಅಂತಿಮ ಸಂಖ್ಯೆಯನ್ನು ಹಿಂದಿನ ಸಂಜೆ ತಿಳಿಸುವುದಾಗಿ ಕೊಟೇಷನ್ ಪಡೆಯುವಾಗಲೇ ಮಾತಾಡಿಕೊಳ್ಳಿ, ಮತ್ತು ಆ ಮಾತನ್ನು ಕೊಟೇಷನ್ನಿನಲ್ಲಿ ಬರೆಸಿಕೊಳ್ಳಿ. ‘ಅಂತಿಮ ಸಂಖ್ಯೆಯನ್ನು ಹಿಂದಿನ ದಿನ ದೃಢೀಕರಿಸಲಾಗುವುದು, ಬಳಸಿದಷ್ಟಕ್ಕೆ ಮಾತ್ರ ಪಾವತಿ’ ಎಂಬ ಒಂದು ಸಾಲು ಸಮರ್ಥನೆಯಲ್ಲಿದ್ದರೆ 80 ಎಂಬ ಸಂಖ್ಯೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಎರಡನೆಯ ಮಾತು ಏಕಮಾನದ್ದು. ದರದ ಅಂಕಣದಲ್ಲಿ ಬರೀ ಅಂಕಿ ಇದ್ದರೆ ಅದು ಯಾವುದರ ದರ ಎಂದು ತಿಳಿಯುವುದಿಲ್ಲ; ಹೆಚ್ಚಿನ ತಪ್ಪುಗಳು ಹುಟ್ಟುವುದೂ ಇಲ್ಲಿಯೇ. ಬ್ಯಾನರ್ ಮುದ್ರಿಸುವವರು ಚದರ ಅಡಿಗೆ ಇಷ್ಟು ಎಂದು ದರ ಹೇಳುತ್ತಾರೆ. 8 ಅಡಿ ಉದ್ದ, 4 ಅಡಿ ಅಗಲದ ಬ್ಯಾನರ್ ಎಂದರೆ 32 ಚದರ ಅಡಿ. ಪ್ರಮಾಣದ ಅಂಕಣದಲ್ಲಿ 1 ಎಂದು ಬರೆದು ದರದ ಅಂಕಣದಲ್ಲಿ 35 ಎಂದು ಬರೆದರೆ ₹1,120ರ ಬ್ಯಾನರ್‌ಗೆ ₹35 ಮಂಜೂರಾಗುತ್ತದೆ. ಹೀಗೆಯೇ ಆಗಿ, ಉಳಿದ ಹಣವನ್ನು ಒಬ್ಬ ವಿದ್ಯಾರ್ಥಿ ತನ್ನ ಕೈಯಿಂದ ಹಾಕಿ, ಅದನ್ನು ಮರಳಿ ಪಡೆಯಲು ತಿಂಗಳುಗಟ್ಟಲೆ ಓಡಾಡಿದ್ದನ್ನು ನಾನೇ ನೋಡಿದ್ದೇನೆ. ಕೈಗವಸುಗಳ ವಿಷಯದಲ್ಲಿಯೂ ಇದೇ ಎಡವಟ್ಟು. 100 ಕೈಗವಸುಗಳ ಒಂದು ಡಬ್ಬಿಯಲ್ಲಿ ಇರುವುದು 50 ಜೊತೆ. 60 ಜನರಿಗೆ ಒಂದು ಡಬ್ಬಿ ಸಾಲುವುದಿಲ್ಲ, ಎರಡು ಬೇಕು. ಆದ್ದರಿಂದ ನಿಮ್ಮ ಕಾಲೇಜಿನ ನಮೂನೆಯಲ್ಲಿ ಇಲ್ಲದಿದ್ದರೂ ‘ಏಕಮಾನ’ ಎಂಬ ಅಂಕಣವನ್ನು ಸೇರಿಸಿಕೊಳ್ಳಿ. ಅದಕ್ಕೆ ಯಾರೂ ಆಕ್ಷೇಪಿಸುವುದಿಲ್ಲ.

ಬಾಡಿಗೆ ಕಾರಿನ ಸಾಲು ಇದಕ್ಕಿಂತ ಸೂಕ್ಷ್ಮವಾದದ್ದು. ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರ್. ಹೋಗಿ ಬರಲು 140. ಕಿಲೋಮೀಟರಿಗೆ ₹14ರಂತೆ ಗುಣಿಸಿ ₹1,960 ಎಂದು ಬರೆದುಬಿಟ್ಟರೆ ಬಿಲ್ ಬಂದ ದಿನ ಗಾಬರಿಯಾಗುತ್ತದೆ. ಹೊರ ಊರಿಗೆ ಹೋಗುವ ಟ್ಯಾಕ್ಸಿಗಳು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು, ಹೆಚ್ಚಾಗಿ 250 ಅಥವಾ 300ಕ್ಕೆ, ಲೆಕ್ಕ ಹಾಕುತ್ತವೆ. ಓಡಿದ್ದು ಅದಕ್ಕಿಂತ ಕಡಿಮೆಯಾದರೂ ಆ ಕನಿಷ್ಠಕ್ಕೆ ಹಣ ಕೊಡಬೇಕು. ಚಾಲಕರ ಬಾಟಾ ಮತ್ತು ಟೋಲ್ ಇದರ ಮೇಲೆ ಬೇರೆ. ಹಾಗಾಗಿ ಪ್ರಮಾಣದಲ್ಲಿ 250 ಎಂದು ಬರೆದು, ಓದುವವರಿಗೆ ನಕ್ಷೆಯ ದೂರ ಗೊತ್ತಿರುವುದರಿಂದ, ‘ನಿಜವಾದ ದೂರ 140 ಕಿ.ಮೀ.; ಬಾಡಿಗೆಯ ಕನಿಷ್ಠ 250 ಕಿ.ಮೀ.’ ಎಂದು ಸಮರ್ಥನೆಯಲ್ಲಿ ನೀವಾಗಿಯೇ ಹೇಳಿಬಿಡಿ. ಕೇಳುವ ಮೊದಲೇ ಹೇಳಿದ ಮಾತಿಗೆ ತೂಕ ಹೆಚ್ಚು.

ಆದರೆ ಇಲ್ಲಿ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ಬೆಂಗಳೂರು–ತುಮಕೂರಿಗೆ ರೈಲೂ ಇದೆ, ಬಸ್ಸೂ ಇದೆ; ಕಾರು ಏಕೆ? ಇದಕ್ಕೆ ‘ಗಣ್ಯರ ಅನುಕೂಲಕ್ಕಾಗಿ’ ಎಂಬುದು ಉತ್ತರವಲ್ಲ. ಸಂಪನ್ಮೂಲ ವ್ಯಕ್ತಿಗಳು ತಮ್ಮ ಪ್ರಯೋಗಾಲಯದಿಂದ ಫ್ಲೋರೈಡ್ ಅಳೆಯುವ ಮೀಟರನ್ನು ತರುವುದಾಗಿದ್ದರೆ, ಅದನ್ನು ಬಸ್ಸಿನಲ್ಲಿ ತರಲಾಗದು ಎಂಬುದು ಉತ್ತರ. ಅಂತಹ ಕಾರಣವಿಲ್ಲವೆಂದಾದರೆ ಕಾರಿನ ಸಾಲನ್ನು ತೆಗೆದು, ಇಬ್ಬರ ರೈಲು ಅಥವಾ ಬಸ್ ದರವನ್ನೂ ನಿಲ್ದಾಣದಿಂದ ಕಾಲೇಜಿಗೆ ಆಟೋ ಬಾಡಿಗೆಯನ್ನೂ ಬರೆಯಿರಿ. ಸಮರ್ಥನೆ ಬರೆಯಲು ಕುಳಿತಾಗ ಬರೆಯಲಾಗದೆ ಪೆನ್ನು ನಿಂತರೆ, ಆ ಖರ್ಚನ್ನೇ ಮತ್ತೊಮ್ಮೆ ನೋಡಬೇಕು ಎಂದರ್ಥ. ಈ ಅಂಕಣದ ನಿಜವಾದ ಉಪಯೋಗ ಸಂಘಕ್ಕೇ ಹೆಚ್ಚೆಂದು ನಾನು ನಂಬಿರುವುದು ಇದಕ್ಕಾಗಿ.

ಈಗ ನಿಮ್ಮ ಪಟ್ಟಿಯ ದೊಡ್ಡ ಬಾಬ್ತುಗಳಲ್ಲೊಂದಾದ ಪರೀಕ್ಷಾ ಕಿಟ್‌ಗಳಿಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಇಲ್ಲಿ ಪ್ರಮಾಣ ತಲೆ ಎಣಿಕೆಯಿಂದ ನೇರವಾಗಿ ಬರುವುದಿಲ್ಲ. 60 ಜನರನ್ನು ನಾಲ್ವರ ಗುಂಪು ಮಾಡಿದರೆ 15 ಗುಂಪುಗಳಾಗುತ್ತವೆ. ಪ್ರತಿ ಗುಂಪು ತನ್ನ ಊರುಗಳಿಂದ ಮೂರು ಮಾದರಿ ತಂದರೆ 45 ಮಾದರಿಗಳು. ಪ್ರತಿ ಮಾದರಿಯಲ್ಲಿ ಪಿಎಚ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್ ಎಂಬ ಐದು ಪರೀಕ್ಷೆ. ನೀವು ಕೊಳ್ಳುವ ಕಿಟ್‌ನ ಡಬ್ಬಿಯ ಮೇಲೆ ಪ್ರತಿಯೊಂದಕ್ಕೂ 100 ಪರೀಕ್ಷೆ ಮಾಡಬಹುದೆಂದು ಬರೆದಿದೆ ಎಂದುಕೊಳ್ಳೋಣ. ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಸಮಿತಿಯಲ್ಲಿದ್ದರೆ ತಕ್ಷಣ ಕೇಳುತ್ತಾರೆ: ಬೇಕಾಗಿರುವುದು 45 ಪರೀಕ್ಷೆ, ಒಂದು ಕಿಟ್‌ನಲ್ಲಿ 100 ಇದೆ, ಐದು ಕಿಟ್ ಏಕೆ?

ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ದ್ರಾವಣದ ಅಳತೆಯಲ್ಲಿಲ್ಲ, ಗಡಿಯಾರದಲ್ಲಿದೆ. ಒಂದು ಕಿಟ್‌ನಲ್ಲಿ ಒಂದೊಂದು ಪರೀಕ್ಷೆಗೆ ಒಂದೇ ಸೀಸೆ, ಬಣ್ಣ ಹೋಲಿಸಿ ನೋಡುವ ಒಂದೇ ಪಟ್ಟಿ ಇರುತ್ತದೆ. ಒಂದು ಪರೀಕ್ಷೆಗೆ 5 ನಿಮಿಷವೆಂದರೂ ಮೂರು ಮಾದರಿಯ ಐದು ಪರೀಕ್ಷೆಗಳಿಗೆ ಒಂದು ಗುಂಪಿಗೆ 75 ನಿಮಿಷ ಬೇಕು. ಇರುವುದು ಒಂದೇ ಕಿಟ್ ಆದರೆ ಏಕಕಾಲಕ್ಕೆ ಹೆಚ್ಚೆಂದರೆ ಐದು ಗುಂಪುಗಳು, ಒಂದೊಂದು ಸೀಸೆ ಹಿಡಿದು, ಕೆಲಸ ಮಾಡಬಹುದು. ಉಳಿದ ಹತ್ತು ಗುಂಪುಗಳು ಕಾಯಬೇಕು. ಮೂರು ಸರದಿ ಮುಗಿಯುವ ಹೊತ್ತಿಗೆ 225 ನಿಮಿಷ, ಅಂದರೆ ಮೂರೂಮುಕ್ಕಾಲು ಗಂಟೆ ಆಗಿರುತ್ತದೆ. ನಿಮ್ಮ ಮಧ್ಯಾಹ್ನದ ಪ್ರಾಯೋಗಿಕ ಅವಧಿ ಇರುವುದು 90 ನಿಮಿಷ. ಪ್ರಯೋಗಾಲಯದಲ್ಲಿ ಐದು ಮೇಜುಗಳಿದ್ದು, ಮೇಜಿಗೊಂದು ಕಿಟ್ ಇಟ್ಟರೆ, ಪ್ರತಿ ಮೇಜಿನಲ್ಲಿ ಮೂರು ಗುಂಪುಗಳು ಒಂದಕ್ಕೊಂದು ಅಡ್ಡಬರದಂತೆ 75 ನಿಮಿಷದಲ್ಲಿ ಮುಗಿಸಿ, ಫಲಿತಾಂಶ ಬರೆದುಕೊಳ್ಳಲು 15 ನಿಮಿಷ ಉಳಿಯುತ್ತದೆ. ಐದು ಎಂಬ ಅಂಕಿ ಬಂದದ್ದು ಹೀಗೆ.

ಇಷ್ಟು ಹೇಳಿದ ಮೇಲೆ ಉಳಿಯುವ ದ್ರಾವಣದ ಗತಿಯನ್ನೂ ಹೇಳಬೇಕು. ಪ್ರತಿ ಕಿಟ್‌ನಲ್ಲಿ ಒಂದೊಂದು ಪರೀಕ್ಷೆಗೆ ಬಳಕೆಯಾಗುವುದು ಒಂಬತ್ತು ಸಲದಷ್ಟು ಮಾತ್ರ. ಉಳಿದದ್ದನ್ನು ರಸಾಯನಶಾಸ್ತ್ರ ವಿಭಾಗದ ದಾಸ್ತಾನು ಪುಸ್ತಕಕ್ಕೆ ತೆಗೆದುಕೊಂಡು ತರಗತಿಗಳಿಗೆ ಬಳಸಲಾಗುವುದೆಂದು ಬರೆಯಿರಿ, ಮತ್ತು ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕ ದೂರವಿರುವ ಕಿಟ್‌ಗಳನ್ನೇ ಕೇಳಿ. ಇನ್ನೊಂದು ದಾರಿಯೂ ಇದೆ. ಜಲಜೀವನ ಮಿಷನ್‌ನಡಿ ಹಳ್ಳಿಗಳಲ್ಲಿ ಇಂತಹ ಕ್ಷೇತ್ರ ಪರೀಕ್ಷಾ ಕಿಟ್‌ಗಳನ್ನು ಕೊಟ್ಟು, ಅಲ್ಲಿನ ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ಹತ್ತಿರದ ಗ್ರಾಮ ಪಂಚಾಯಿತಿಗೆ ಪ್ರಾಂಶುಪಾಲರ ಪತ್ರದೊಂದಿಗೆ ಹೋಗಿ, ಒಂದು ದಿನದ ಮಟ್ಟಿಗೆ ಎರಡು ಕಿಟ್ ಸಿಗಬಹುದೇ ಎಂದು ವಿಚಾರಿಸಿ. ಸಿಕ್ಕರೆ ಪ್ರಮಾಣ 5ರಿಂದ 3ಕ್ಕೆ ಇಳಿದು ₹4,800 ಉಳಿಯುತ್ತದೆ. ಆ ಕಿಟ್ ಬಳಸುವ ಮಹಿಳೆಯೊಬ್ಬರನ್ನು ಕಾರ್ಯಾಗಾರಕ್ಕೆ ಕರೆದರೆ ನಿಮ್ಮ ವಿದ್ಯಾರ್ಥಿಗಳು ಕಲಿಯುವುದೂ ಹೆಚ್ಚು. ಸಿಗದಿದ್ದರೆ, ವಿಚಾರಿಸಿದ್ದನ್ನು ಸಮರ್ಥನೆಯಲ್ಲಿ ಒಂದು ಮಾತಿನಲ್ಲಿ ಹೇಳಬಹುದು.

ಮಾದರಿ ಸೀಸೆಗಳೂ ಇದೇ ಜಾತಿಯವು. ‘ಹಳೆಯ ಸೀಸೆಗಳಲ್ಲಿ ತಂದರಾಗದೇ?’ ಎಂದು ಕೇಳುವವರಿರುತ್ತಾರೆ. ತಂಪು ಪಾನೀಯದ ಸೀಸೆಯಲ್ಲಿ ಉಳಿದ ಅಂಶ ಫಲಿತಾಂಶವನ್ನು ಕೆಡಿಸುತ್ತದೆ; ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಅದರ ಮಾದರಿಗೆ ಗಾಜಿನ ಸೀಸೆಯೂ ಆಗದು, ಪಾಲಿಥೀನ್ ಸೀಸೆಯೇ ಬೇಕು. ಪಾವಗಡದ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಮ್ಮ ಜಿಲ್ಲೆಯ ಎಲ್ಲರಿಗೂ ತಿಳಿದ ವಿಷಯವಾದ್ದರಿಂದ, ಆ ಪರೀಕ್ಷೆಯನ್ನು ಕೆಡಿಸಿಕೊಂಡು ಉಳಿದ ನಾಲ್ಕನ್ನು ಮಾಡುವುದರಲ್ಲಿ ಅರ್ಥವಿಲ್ಲ. 45 ಮಾದರಿಗೆ 45, ಒಡೆದರೆ ಅಥವಾ ಸೋರಿದರೆ ಎಂದು 5, ಒಟ್ಟು 50.

ಪೂರ್ತಿ ಪಟ್ಟಿ ಹೀಗಾಗುತ್ತದೆ. ಇಲ್ಲಿರುವ ದರಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ನೀವು ಪಡೆದ ಕೊಟೇಷನ್ನಿನ ದರಗಳನ್ನೇ ಬರೆಯಬೇಕು.

| ಬಾಬ್ತು | ಏಕಮಾನ | ದರ (₹) | ಪ್ರಮಾಣ | ಮೊತ್ತ (₹) | ಸಮರ್ಥನೆ |
|---|---|---|---|---|---|
| ಮಧ್ಯಾಹ್ನದ ಊಟ | ಒಬ್ಬರಿಗೆ | 110 | 80 | 8,800 | ಮೇಲಿನ ಎಣಿಕೆಯಂತೆ 80 ಜನ. ಮೂರು ಕೊಟೇಷನ್ನುಗಳಲ್ಲಿ ಕನಿಷ್ಠ ದರ. ಬಳಸಿದಷ್ಟಕ್ಕೆ ಪಾವತಿ. |
| ಚಹಾ, ಬಿಸ್ಕತ್ತು | ಒಬ್ಬರಿಗೆ ಒಂದು ಬಾರಿ | 20 | 160 | 3,200 | 80 ಜನರಿಗೆ ಬೆಳಿಗ್ಗೆ ಮತ್ತು ಸಂಜೆ. |
| ನೀರು ಪರೀಕ್ಷಾ ಕಿಟ್ | ಕಿಟ್ | 2,400 | 5 | 12,000 | 15 ಗುಂಪು, 5 ಮೇಜು, ಮೇಜಿಗೊಂದು. 90 ನಿಮಿಷದ ಅವಧಿಯಲ್ಲಿ ಮುಗಿಸಲು ಬೇಕಾದ ಸಂಖ್ಯೆ. ಉಳಿದದ್ದು ವಿಭಾಗದ ದಾಸ್ತಾನಿಗೆ. |
| ಪಾಲಿಥೀನ್ ಮಾದರಿ ಸೀಸೆ | ಸೀಸೆ | 15 | 50 | 750 | 45 ಮಾದರಿ, 5 ಹೆಚ್ಚುವರಿ. ಫ್ಲೋರೈಡ್ ಪರೀಕ್ಷೆಗೆ ಗಾಜು ಸೂಕ್ತವಲ್ಲ. |
| ಕೈಗವಸು | 100ರ ಡಬ್ಬಿ | 400 | 2 | 800 | 60 ಜನರಿಗೆ 120 ಕೈಗವಸು. ಡಬ್ಬಿ ಒಡೆದು ಬಿಡಿಯಾಗಿ ಕೊಡುವುದಿಲ್ಲ. |
| ಸಂಪನ್ಮೂಲ ವ್ಯಕ್ತಿಗಳ ಗೌರವಧನ | ಗೋಷ್ಠಿ | 1,500 | 4 | 6,000 | ಇಬ್ಬರು, ತಲಾ ಎರಡು ಗೋಷ್ಠಿ. ಕಾಲೇಜು ನಿಗದಿಪಡಿಸಿದ ದರ. |
| ಕಾರು ಬಾಡಿಗೆ | ಕಿ.ಮೀ. | 14 | 250 | 3,500 | ನಿಜವಾದ ದೂರ 140. ಬಾಡಿಗೆಯ ಕನಿಷ್ಠ 250. ಮೀಟರ್ ಸಾಗಿಸಬೇಕಿದೆ. ಇಬ್ಬರಿಗೂ ಒಂದೇ ಕಾರು. |
| ಚಾಲಕರ ಬಾಟಾ | ದಿನ | 400 | 1 | 400 | ಬಾಡಿಗೆ ಕೊಟೇಷನ್ನಿನಂತೆ. |
| ಟೋಲ್ | ಒಂದು ಬದಿ | 150 | 2 | 300 | ಅಂದಾಜು; ರಸೀದಿಯಂತೆ ಪಾವತಿ. |
| ಬಟ್ಟೆ ಬ್ಯಾನರ್ | ಚದರ ಅಡಿ | 35 | 32 | 1,120 | 8 × 4 ಅಡಿಯ ಒಂದು ಬ್ಯಾನರ್, ವೇದಿಕೆಗೆ. |
| ಪ್ರಯೋಗ ಕೈಪಿಡಿ | ಪ್ರತಿ | 20 | 70 | 1,400 | ಅಭ್ಯರ್ಥಿ 60, ಸ್ವಯಂಸೇವಕರು 8, ಸಂಪನ್ಮೂಲ ವ್ಯಕ್ತಿಗಳು 2. |
| ಪ್ರಮಾಣಪತ್ರ | ಪ್ರತಿ | 15 | 70 | 1,050 | ಮೇಲಿನ 70 ಜನರಿಗೆ. |
| ನೆನಪಿನ ಕಾಣಿಕೆ (ಕನ್ನಡ ಪುಸ್ತಕ) | ಪುಸ್ತಕ | 300 | 2 | 600 | ಸಂಪನ್ಮೂಲ ವ್ಯಕ್ತಿಗಳಿಬ್ಬರಿಗೆ. |
| ಸಭಾಂಗಣ, ಪ್ರಯೋಗಾಲಯ, ಪ್ರೊಜೆಕ್ಟರ್ | ದಿನ | 0 | 1 | 0 | ಕಾಲೇಜಿನದೇ. ಅನುಮತಿ ಪತ್ರ ಲಗತ್ತಿಸಿದೆ. |
| ಉಪಮೊತ್ತ | | | | 39,920 | |
| ಅನಿರೀಕ್ಷಿತ ವೆಚ್ಚ | ಉಪಮೊತ್ತದ ಶೇ. | 5 | | 1,996 | ಬಾಡಿಗೆ, ಟೋಲ್ ಮತ್ತು ದರ ವ್ಯತ್ಯಾಸಕ್ಕೆ ಮಾತ್ರ. ಸಂಚಾಲಕರ ಲಿಖಿತ ಒಪ್ಪಿಗೆಯೊಂದಿಗೆ. |
| ಒಟ್ಟು | | | | 41,916 | |

₹41,916 ಎಂಬುದನ್ನು ₹42,000 ಮಾಡಲು ಹೋಗಬೇಡಿ. ಗುಣಿಸಿ ಕೂಡಿಸಿದಾಗ ಬಂದ ಸಂಖ್ಯೆ ಹೀಗೆ ಒರಟಾಗಿಯೇ ಇರುತ್ತದೆ. ನಿಮ್ಮ ಹಿಂದಿನ ಪಟ್ಟಿಯ ನಾಲ್ಕೂ ಮೊತ್ತಗಳು ಸಾವಿರದಲ್ಲಿ ಸೊಗಸಾಗಿ ಮುಗಿದಿದ್ದುದೇ ಅವು ಅಂದಾಜಿನವು ಎಂಬುದನ್ನು ಹೇಳಿಬಿಟ್ಟಿತ್ತು.

ಕೆಲವು ಸಾಲುಗಳ ಬಗ್ಗೆ ಸ್ವಲ್ಪ ಹೇಳಬೇಕು. ಬ್ಯಾನರನ್ನು ಬಟ್ಟೆಯದೆಂದು ಬರೆದದ್ದಕ್ಕೆ ಕಾರಣ, ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್, ತಟ್ಟೆ, ಲೋಟ, ಚಮಚಗಳೆಲ್ಲ ಸೇರಿವೆ. ಆದ್ದರಿಂದ ಫ್ಲೆಕ್ಸ್ ಅಗ್ಗವೆಂದು ಪಟ್ಟಿಯಲ್ಲಿ ಹಾಕುವಂತಿಲ್ಲ. ಊಟದ ಕೊಟೇಷನ್ನಿನಲ್ಲಿಯೂ ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆ ಅಥವಾ ಸ್ಟೀಲ್ ತಟ್ಟೆ ಎಂದು ಬರೆಸಿಕೊಳ್ಳಿ. ಹಾರ, ಶಾಲು, ಹಣ್ಣಿನ ಬುಟ್ಟಿಯ ಸಾಲನ್ನು ನಾನು ಸೇರಿಸಿಲ್ಲ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಸಮಾರಂಭಗಳಲ್ಲಿ ಇವುಗಳ ಬದಲು ಕನ್ನಡ ಪುಸ್ತಕ ಕೊಡುವಂತೆ ಸೂಚಿಸಿತ್ತು. ಸರ್ಕಾರಿ ಕಾಲೇಜಲ್ಲದಿದ್ದರೂ ಅದನ್ನು ಅನುಸರಿಸುವುದರಿಂದ ಖರ್ಚೂ ಕಡಿಮೆ, ಬಂದವರಿಗೂ ಉಪಯೋಗ.

ಸೊನ್ನೆ ರೂಪಾಯಿಯ ಸಾಲು ವಿಚಿತ್ರವಾಗಿ ಕಾಣಬಹುದು. ಅದು ಇಲ್ಲದಿದ್ದರೆ ಓದುವವರಿಗೆ, ಸಭಾಂಗಣದ ಖರ್ಚನ್ನು ಇವರು ಮರೆತಿದ್ದಾರೆಯೇ, ನಾಳೆ ಇನ್ನೊಂದು ಬೇಡಿಕೆ ಬರುತ್ತದೆಯೇ ಎಂಬ ಸಂಶಯ ಉಳಿಯುತ್ತದೆ. ಚಾಲಕರನ್ನು 80ರ ಎಣಿಕೆಗೆ ಸೇರಿಸದಿರುವುದೂ ಬೇಕೆಂದೇ ಮಾಡಿದ್ದು: ಬಾಟಾ ಕೊಟ್ಟ ಮೇಲೆ ಊಟವನ್ನೂ ಬರೆದರೆ ಒಂದೇ ಖರ್ಚು ಎರಡು ಕಡೆ ಬಂತೆಂದು ಲೆಕ್ಕಪರಿಶೋಧಕರು ಗುರುತಿಸುತ್ತಾರೆ. ಪಟ್ಟಿಯ ಮಾತು ಅದಾಯಿತು. ಮನೆ ಬಾಗಿಲಿಗೆ ಬಂದವರನ್ನು ಊಟದ ಹೊತ್ತಿನಲ್ಲಿ ಹೊರಗೆ ಕಾಯಿಸುವ ಪದ್ಧತಿ ನಮ್ಮಲ್ಲಿಲ್ಲ. 80ರಲ್ಲಿ ಯಾರಾದರೂ ಒಬ್ಬರು ಬಂದಿರುವುದಿಲ್ಲ, ಆ ಎಲೆಯನ್ನು ಅವರಿಗೆ ಹಾಕಿಸಿ.

ಕೊಟೇಷನ್ನುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ‘ಜಿಎಸ್‌ಟಿ ಪ್ರತ್ಯೇಕ’ ಎಂಬ ಸಣ್ಣ ಅಕ್ಷರದ ಸಾಲು ಕೆಳಗೆಲ್ಲೋ ಇರುತ್ತದೆ. ತೆರಿಗೆ ಶೇಕಡಾ 18 ಎಂದಿದ್ದರೆ ₹1,000ದ ವಸ್ತುವಿಗೆ ನೀವು ಕೊಡುವುದು ₹1,180. ಪಟ್ಟಿಯಲ್ಲಿ ದರವನ್ನು ತೆರಿಗೆ, ಸಾಗಣೆ ಎಲ್ಲ ಸೇರಿಸಿಯೇ ಬರೆದು, ಹಾಗೆ ಬರೆದಿರುವುದಾಗಿ ಪಟ್ಟಿಯ ಕೆಳಗೆ ತಿಳಿಸಿ. ಇನ್ನು ಕಾಲೇಜಿನ ಬಳಿಯ ಸಣ್ಣ ಜೆರಾಕ್ಸ್ ಅಂಗಡಿಯವರಂತಹವರು ಜಿಎಸ್‌ಟಿ ನೋಂದಣಿ ಮಾಡಿಸಿರಬೇಕೆಂದೇನೂ ಇಲ್ಲ; ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ, ಅವರ ಸಾದಾ ಬಿಲ್ಲಿನಲ್ಲಿ ಹೆಸರು, ದಿನಾಂಕ, ಸಹಿ ಇದ್ದರಾಯಿತು. ಎಷ್ಟು ಮೊತ್ತ ದಾಟಿದರೆ ಮೂರು ಕೊಟೇಷನ್ ಬೇಕೆಂಬುದು ನಿಮ್ಮ ಕಾಲೇಜಿನ ಖರೀದಿ ನಿಯಮದಲ್ಲಿದೆ, ಅದನ್ನು ಅಧೀಕ್ಷಕರಲ್ಲಿ ಕೇಳಿಕೊಳ್ಳಿ. ಈ ಪಟ್ಟಿಯಲ್ಲಿ ಊಟ ಮತ್ತು ಕಿಟ್‌ಗಳಿಗಂತೂ ಮೂರು ಪಡೆಯುವುದೇ ಒಳ್ಳೆಯದು. ಅತಿ ಕಡಿಮೆ ದರದವರನ್ನು ಬಿಟ್ಟು ಬೇರೆಯವರನ್ನು ಆರಿಸಿದರೆ ಕಾರಣವನ್ನು ಆ ಸಾಲಿನಲ್ಲಿಯೇ ಬರೆಯಬೇಕು. ‘ಕಡಿಮೆ ದರದವರು 50ಕ್ಕಿಂತ ಹೆಚ್ಚು ಜನರಿಗೆ ಬಡಿಸಲಾರರು’ ಎಂಬಂತಹ, ಯಾರು ಬೇಕಾದರೂ ವಿಚಾರಿಸಿ ನೋಡಬಹುದಾದ ಕಾರಣವಿರಲಿ.

ಪಟ್ಟಿಯನ್ನು ಕೈಯಲ್ಲಿ ಕೂಡಿಸದೆ ಶೀಟ್‌ನಲ್ಲಿ ಮಾಡಿ. ತಲೆ ಎಣಿಕೆಯ 80ನ್ನು `H1` ಎಂಬ ಒಂದೇ ಕೋಶದಲ್ಲಿಟ್ಟು, ಊಟ ಮತ್ತು ಚಹಾದ ಪ್ರಮಾಣವನ್ನು ಅದರಿಂದಲೇ ತರಿಸಿಕೊಳ್ಳಿ. ಮೇಲಿನ ಕ್ರಮದಲ್ಲಿ ದರ `C`, ಪ್ರಮಾಣ `D`, ಮೊತ್ತ `E` ಅಂಕಣದಲ್ಲಿದ್ದರೆ:

```
D2:  =H1
D3:  =H1*2
E2:  =C2*D2
E16: =SUM(E2:E15)
E17: =ROUND(E16*5%,0)
E18: =E16+E17
```

`E2`ರ ಸೂತ್ರವನ್ನು `E15`ರವರೆಗೆ ಕೆಳಕ್ಕೆ ಎಳೆಯಿರಿ. ಪ್ರಾಂಶುಪಾಲರು ಅಭ್ಯರ್ಥಿಗಳನ್ನು 60ರಿಂದ 48ಕ್ಕೆ ಇಳಿಸಲು ಹೇಳಿದರೆ `H1`ನಲ್ಲಿ 68 ಎಂದು ಬದಲಿಸಿದರೆ ಸಾಕು, ಊಟ–ಚಹಾದ ಸಾಲುಗಳು ತಾವಾಗಿ ಸರಿಹೋಗುತ್ತವೆ. ಕಿಟ್, ಸೀಸೆ, ಕೈಗವಸು, ಕೈಪಿಡಿ, ಪ್ರಮಾಣಪತ್ರಗಳನ್ನು ಮಾತ್ರ ನೀವೇ ಕುಳಿತು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ: 48 ಜನರೆಂದರೆ 12 ಗುಂಪು, ಮೇಜಿಗೆ ಮೂರರಂತೆ 4 ಕಿಟ್. ಕೈಗವಸುಗಳು ಆಗ ಒಂದೇ ಡಬ್ಬಿಯಲ್ಲಿ ಮುಗಿಯುತ್ತವೆ, 96 ಬೇಕು, 100 ಇವೆ. ದರದ ಕೋಶದಲ್ಲಿ ಅಂಕಿಯೊಂದನ್ನೇ ಬರೆಯಿರಿ, ‘35 ರೂ.’ ಎಂದು ಬರೆದರೆ ಶೀಟ್ ಅದನ್ನು ಅಕ್ಷರವೆಂದು ತಿಳಿದು ಗುಣಿಸುವುದಿಲ್ಲ.

‘ಇತರೆ’ ಎಂಬ ಸಾಲಿನ ಬಗ್ಗೆ ಕೇಳಿದ್ದೀರಿ. ₹45,000ದಲ್ಲಿ ₹8,000 ಇತರೆಯಾದರೆ ಅದು ಒಟ್ಟಿನ ಆರನೆಯ ಒಂದು ಭಾಗಕ್ಕಿಂತ ಹೆಚ್ಚು. ಅಷ್ಟು ಹಣಕ್ಕೆ ಹೆಸರಿಲ್ಲವೆಂದಾದರೆ ಕಡತ ವಾಪಸಾಗಲು ಅದೊಂದೇ ಸಾಕು. ಬ್ಯಾನರ್, ಕೈಪಿಡಿ, ಪ್ರಮಾಣಪತ್ರ, ಸೀಸೆ, ಕೈಗವಸು, ಪುಸ್ತಕ ಎಂದು ಬಿಡಿಸಿ ಬರೆದ ಮೇಲೆ ಆ ಹೆಸರಿನಲ್ಲಿ ಏನೂ ಉಳಿಯಲಿಲ್ಲ, ನೋಡಿ. ಅನಿರೀಕ್ಷಿತ ವೆಚ್ಚ ಎಂಬುದು ಬೇರೆ. ಅದನ್ನು ಶೇಕಡಾವಾರು ಮಿತಿಯೊಂದಿಗೆ, ಯಾವ ಬಗೆಯ ಏರುಪೇರಿಗೆ ಎಂದು ಹೇಳಿ, ಯಾರ ಒಪ್ಪಿಗೆಯಿಂದ ಬಳಸುವುದೆಂದು ಬರೆದು ಇಟ್ಟುಕೊಳ್ಳಬಹುದು. ಹೆಚ್ಚಿನ ಕಾಲೇಜುಗಳು ಇದನ್ನು ಒಪ್ಪುತ್ತವೆ. ನಿಮ್ಮಲ್ಲಿ ಒಪ್ಪುವುದಿಲ್ಲವೆಂದಾದರೆ ಆ ಸಾಲನ್ನು ತೆಗೆದು ₹39,920ಕ್ಕೇ ಸಲ್ಲಿಸಿ, ಟೋಲ್ ಮತ್ತು ಬಾಡಿಗೆಯನ್ನು ‘ರಸೀದಿಯಂತೆ’ ಎಂದು ಷರಾ ಹಾಕಿಸಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಹೊಸ ವಸ್ತುವನ್ನು, ಅದು ₹200ರದ್ದಾದರೂ, ಅನಿರೀಕ್ಷಿತ ವೆಚ್ಚದಿಂದ ಕೊಳ್ಳಬೇಡಿ. ಸಮರ್ಥನೆಯಲ್ಲಿ ನೀವೇ ಬರೆದ ಮಾತಿಗೆ ಅದು ವಿರುದ್ಧವಾಗುತ್ತದೆ.

ಕಾರ್ಯಾಗಾರ ಮುಗಿದ ಮೇಲೆ ಇದೇ ಶೀಟ್‌ಗೆ ‘ನಿಜವಾದ ಖರ್ಚು’ ಮತ್ತು ‘ಓಚರ್ ಸಂಖ್ಯೆ’ ಎಂಬ ಎರಡು ಅಂಕಣ ಸೇರಿಸಿ, ಬಿಲ್ಲುಗಳನ್ನು ಪಟ್ಟಿಯ ಕ್ರಮದಲ್ಲಿಯೇ ಜೋಡಿಸಿ ಕೊಡಿ. ಊಟಕ್ಕೆ 74 ಜನ ಬಂದಿದ್ದರೆ 74ಕ್ಕೇ ಬಿಲ್ ಬರೆಸಿ, ಮುಂಗಡದಲ್ಲಿ ಉಳಿದ ₹660 ಮರಳಿಸಿ, ಅದರ ರಸೀದಿಯನ್ನು ಕಡತದಲ್ಲಿಡಿ. ಬರುವ ವರ್ಷ ನಿಮ್ಮ ಜಾಗಕ್ಕೆ ಬರುವ ಕಾರ್ಯದರ್ಶಿ ದರಗಳನ್ನು ಹುಡುಕುವಾಗ ಮೊದಲು ತೆರೆಯುವುದು ಆ ಕಡತವನ್ನೇ; 80 ಹೇಗೆ 74 ಆಯಿತು ಎಂಬುದು ಅವರಿಗೆ ಅಲ್ಲಿಯೇ ಸಿಗುತ್ತದೆ.